ವಿಮಾನದ ಬಾಡಿಗೆಗೂ ಸುಂಕವಾ?

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯ ತೈವಾನಿನಿಂದ ಸಿಎನ್‌ಸಿ ಮಷೀನಿನ ಸ್ಪಿಂಡಲ್ ತರಿಸಿದ್ದ. ಆಮದು ಸಾಮಾನಿನ ಸುಂಕದ ಲೆಕ್ಕ ಇರುವ ಕಸ್ಟಮ್ಸ್ ಕಾಗದ, ಅಂದರೆ ಬಿಲ್ ಆಫ್ ಎಂಟ್ರಿ, ಕೈಗೆ ಬಂದಾಗಿನಿಂದ ಅವನದು ಒಂದೇ ಸಿಟ್ಟು: "ಸಾಮಾನಿಗೆ ಸುಂಕ ಹಾಕ್ಲಿ, ವಿಮಾನದ ಬಾಡಿಗಿಗೂ ಯಾಕೋ?"

ನನ್ನ ಪ್ರಕಾರ ಬಾಡಿಗೆ ಸೇರಿಸೋದು ಸರಿಯೇ. ನಮ್ಮ ಕಾನೂನು ಸಾಮಾನಿನ ಬೆಲೆ ನೋಡುವುದು ತೈವಾನಿನಲ್ಲಿ ಅಲ್ಲ, ನಮ್ಮ ಬಂದರಿಗೋ ವಿಮಾನ ನಿಲ್ದಾಣಕ್ಕೋ ಬಂದು ಮುಟ್ಟಿದ ಮೇಲೆ. ಕಸ್ಟಮ್ಸ್ ಕಾಯ್ದೆಯ 14ನೇ ಸೆಕ್ಷನ್ ಹೇಳುವುದೂ ಅದನ್ನೇ. ಬಾಡಿಗೆಯನ್ನು ಹೊರಗಿಟ್ಟರೆ ಏನಾಗುತ್ತೆ? ಸಾಮಾನಿನ ರೇಟು ಇಳಿಸಿ ಬಾಡಿಗೆ ಏರಿಸಿದ ಇನ್‌ವಾಯ್ಸ್‌ಗಳು ಶುರುವಾಗುತ್ತವೆ. ಹಾಗಂತ ಎಲ್ಲ ದೇಶಗಳೂ ಹೀಗೇ ಮಾಡೋದಿಲ್ಲ. ಅಮೆರಿಕ, ಆಸ್ಟ್ರೇಲಿಯಾ ಸಮುದ್ರಯಾನದ ಬಾಡಿಗೆ ಬಿಟ್ಟೇ ಸುಂಕ ಹಾಕುತ್ತವೆ. ಡಬ್ಲ್ಯುಟಿಒ ಒಪ್ಪಂದ ಈ ಆಯ್ಕೆಯನ್ನು ಆಯಾ ದೇಶಕ್ಕೇ ಬಿಟ್ಟಿದೆ.

ಗೆಳೆಯನ ಲೆಕ್ಕ ಬಿಡಿಸೋಣ. ಎಫ್‌ಒಬಿ ಬೆಲೆ, ಅಂದರೆ ಅಲ್ಲಿ ವಿಮಾನ ಹತ್ತುವವರೆಗಿನ ಬೆಲೆ, 1,00,000 ರೂಪಾಯಿ ಅಂದುಕೊಳ್ಳಿ. ವಿಮಾನದ ಬಾಡಿಗೆ 32,000. ಆದರೆ ವಿಮಾನದಲ್ಲಿ ಬಂದ ಸಾಮಾನಿಗೆ ಎಫ್‌ಒಬಿಯ ಶೇ 20ಕ್ಕಿಂತ ಜಾಸ್ತಿ ಬಾಡಿಗೆ ಸೇರಿಸುವಂತಿಲ್ಲ. ಹಾಗಾಗಿ ಸೇರುವುದು 20,000 ಮಾತ್ರ. ಇನ್ಶೂರೆನ್ಸ್ ಕಾಗದ ಇಲ್ಲದ್ದರಿಂದ ನಿಯಮದ ಪ್ರಕಾರ ಎಫ್‌ಒಬಿಯ ಶೇ 1.125, ಅಂದರೆ 1,125. ಒಟ್ಟು 1,21,125. ಇದೇ ಅಸೆಸಬಲ್ ವ್ಯಾಲ್ಯೂ, ಅಂದರೆ ಸುಂಕ ಲೆಕ್ಕ ಹಾಕುವ ಬೆಲೆ.

ಸುಂಕ ಶೇ 7.5 ಇದ್ದರೆ 9,084. ಆ ಸುಂಕದ ಮೇಲೆ ಶೇ 10 ಸೋಶಿಯಲ್ ವೆಲ್ಫೇರ್ ಸರ್ಚಾರ್ಜ್, 908. ಅಸೆಸಬಲ್ ವ್ಯಾಲ್ಯೂ, ಸುಂಕ, ಸರ್ಚಾರ್ಜ್ ಮೂರನ್ನೂ ಕೂಡಿಸಿದ ಮೊತ್ತಕ್ಕೆ ಶೇ 18 ಐಜಿಎಸ್‌ಟಿ, ಸುಮಾರು 23,600. ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಸಿಗುತ್ತೆ. ಸುಂಕ, ಸರ್ಚಾರ್ಜ್ ಹೋದದ್ದು ಹೋದ ಹಾಗೆ. ಪೂರ್ತಿ 32,000 ಸೇರಿಸಿದ್ದರೆ ಹೀಗೆ ಕೈಬಿಟ್ಟು ಹೋಗುವ ದುಡ್ಡು ಇನ್ನೂ 990 ಜಾಸ್ತಿ ಆಗುತ್ತಿತ್ತು.

ಹಡಗಿನ ವಿಷಯದಲ್ಲಿ ಇದೇ ಶೇ 20 ಉಲ್ಟಾ ಹೊಡೆಯುತ್ತೆ. ಅಲ್ಲಿ ಅದು ಮಿತಿ ಅಲ್ಲ. ನಿಜವಾದ ಬಾಡಿಗೆ ಎಷ್ಟೋ ಅಷ್ಟೂ ಸೇರುತ್ತೆ. ಬಾಡಿಗೆ ಎಷ್ಟೆಂದು ತೋರಿಸಲು ಕಾಗದವೇ ಇಲ್ಲದಿದ್ದರೆ ಮಾತ್ರ ಶೇ 20 ಹಾಕುತ್ತಾರೆ. ಹತ್ತು ಲಕ್ಷದ ಮಷೀನಿಗೆ ನಿಜವಾದ ಬಾಡಿಗೆ 60,000 ಇದ್ದು, ಆ ಫ್ರೈಟ್ ಬಿಲ್ ಕಳೆದುಹೋದರೆ ಲೆಕ್ಕಕ್ಕೆ ಬರುವುದು 2,00,000! ಇನ್ಶೂರೆನ್ಸಿನದೂ ಇದೇ ಕತೆ. ಪಾಲಿಸಿ ಇದ್ದರೆ ಕಟ್ಟಿದ ಪ್ರೀಮಿಯಂ ಸೇರುತ್ತೆ, ಇಲ್ಲದಿದ್ದರೆ ಎಫ್‌ಒಬಿಯ ಶೇ 1.125.

ಕೆಲವರ ಹಳೇ ಎಕ್ಸೆಲ್ ಶೀಟಿನಲ್ಲಿ ಇನ್ನೂ ಶೇ 1 ಲ್ಯಾಂಡಿಂಗ್ ಚಾರ್ಜ್ ಕೂತಿದೆ. ಅದು 2017ರಲ್ಲೇ ಹೋಯಿತು, ಅಳಿಸಿಬಿಡಿ.

ಇನ್‌ವಾಯ್ಸ್ ಸಿಐಎಫ್ ಆಗಿದ್ದರೆ ಬಾಡಿಗೆ, ಇನ್ಶೂರೆನ್ಸ್ ಬೆಲೆಯೊಳಗೇ ಇರುತ್ತವೆ. ಅದನ್ನು ಎಫ್‌ಒಬಿ ಅಂತ ತುಂಬಿ, ಫ್ರೈಟ್ ಕಾಲಂನಲ್ಲಿ ಮತ್ತೆ ಬಾಡಿಗೆ ಹಾಕಿದರೆ ಒಂದೇ ಬಾಡಿಗೆಗೆ ಎರಡು ಸಲ ಸುಂಕ. ನಿಮ್ಮ ಪರವಾಗಿ ಕಸ್ಟಮ್ಸ್ ಕೆಲಸ ನೋಡುವ ಏಜೆಂಟ್, ಅಂದರೆ ಸಿಎಚ್‌ಎ, ಕಳಿಸುವ ಚೆಕ್‌ಲಿಸ್ಟನ್ನು ಸುಮ್ನೆ ಓಕೆ ಮಾಡಬೇಡಿ. ಇನ್‌ವಾಯ್ಸ್ ಟರ್ಮ್ಸ್, ಫ್ರೈಟ್, ಇನ್ಶೂರೆನ್ಸ್, ಈ ಮೂರು ಕಾಲಂ ನೋಡಿ. ಬೆಂಗಳೂರು ಏರ್‌ಪೋರ್ಟಿನಿಂದ ಹುಬ್ಬಳ್ಳಿಗೆ ತಂದ ಲಾರಿ ಬಾಡಿಗೆಯನ್ನೂ ಯಾರಾದರೂ ಅಲ್ಲಿ ಸೇರಿಸಿದ್ದರೆ ತೆಗೆಸಿ, ಅದಕ್ಕೆ ಕಸ್ಟಮ್ಸ್ ಸುಂಕ ಇಲ್ಲ.