ನೂರಿಪ್ಪತ್ತು ಟೇಪುಗಳ ಲೆಕ್ಕ: ಕ್ಲೌಡಿಗೆ ಕಳಿಸುವುದೋ, ಮೂಲೆಯ ಹಳೇ ಡಬ್ಬಾ ಸಾಕೋ?

ಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿ ತಂದೆಯವರು ರಾಮೋತ್ಸವದ ಕಛೇರಿಗಳನ್ನು ಚಿತ್ರೀಕರಿಸಿದ 120 ಮಿನಿ ಡಿವಿ ಟೇಪುಗಳಿದ್ದವು. ಅವನ್ನು ಎಲ್ಲರೂ ನೋಡುವಂತೆ ಎಂಪಿ4 ಮಾಡಬೇಕೆಂದಾಗ ಬೆಂಗಳೂರಿನ ಸೋದರಳಿಯ ಹೇಳಿದ್ದು ಇಷ್ಟೇ: "ಮಾವ, ಕ್ಲೌಡಿಗೆ ಹಾಕ್ಬಿಡಿ, ಆ ಡಬ್ಬಾನ ಗುಜರಿಗೆ ಕೊಡಿ." ಅವನು ಡಬ್ಬಾ ಎಂದದ್ದು ನಾಲ್ಕು ಕೋರಿನ ನನ್ನ ಹಳೇ ಐ5 ಡೆಸ್ಕ್‌ಟಾಪನ್ನು. ಗುಜರಿಗೆ ಕೊಡುವ ಮೊದಲು ಲೆಕ್ಕ ಹಾಕೋಣವೆಂದು ಕುಳಿತೆ.

ವಿಡಿಯೊ ಪರಿವರ್ತಿಸಿ ಕೊಡುವ ಅಮೆಜಾನಿನ ಮೀಡಿಯಾಕನ್ವರ್ಟ್ ಸೇವೆಯು ಅಮೆರಿಕದ ಕೇಂದ್ರದಲ್ಲಿ, ಸೆಕೆಂಡಿಗೆ 30 ಫ್ರೇಮು ಮೀರದ ಎಸ್‌ಡಿ ವಿಡಿಯೊಗೆ, ಮೂಲ ದರ್ಜೆಯಲ್ಲಿ ನಿಮಿಷಕ್ಕೆ 0.0075 ಡಾಲರ್ ತೆಗೆದುಕೊಳ್ಳುತ್ತದೆ. ಗಂಟೆಯ ಟೇಪು 120 ಎಂದರೆ 7200 ನಿಮಿಷ, ಅಂದರೆ 54 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 4,590 ರೂಪಾಯಿ. ಆದರೆ ದರ ಬೀಳುವುದು ಹೊರಬರುವ ಪ್ರತಿ ಕಡತಕ್ಕೆ. ಟಿವಿಗೊಂದು, ಮೊಬೈಲಿಗೊಂದು ಎಂದು ಎರಡು ಪ್ರತಿ ಕೇಳಿದರೆ ಮೊತ್ತವೂ ಇಮ್ಮಡಿಯಾಗುತ್ತದೆ. 50 ಫ್ರೇಮು ಕೇಳಿದರೆ ದರ ಇನ್ನೂ ಏರುತ್ತದೆ. ಒಂದು ಜನುಮದ ಸಂಗ್ರಹಕ್ಕೆ ಇದು ದುಬಾರಿಯೇನಲ್ಲ ಎಂದೇ ನನಗೂ ಅನ್ನಿಸಿತು.

ಪೆಟ್ಟು ಬಿದ್ದದ್ದು ಬೇರೆ ಕಡೆ. ಡಿವಿ ಕಡತ ಗಂಟೆಗೆ ಸುಮಾರು 13 ಜಿಬಿ ತೂಗುತ್ತದೆ. ನಮ್ಮ ಮನೆಯ ಸಂಪರ್ಕದಲ್ಲಿ ಮೇಲಕ್ಕೆ ಹೋಗುವ ವೇಗ 40 ಎಂಬಿಪಿಎಸ್, ಹಾಗಾಗಿ ಒಂದು ಟೇಪು ಏರಲು 43 ನಿಮಿಷ ಬೇಕು. ಅದೇ ಟೇಪನ್ನು ಡಬ್ಬಾ 20 ನಿಮಿಷದಲ್ಲಿ ಪರಿವರ್ತಿಸಿ ಮುಗಿಸುತ್ತದೆ. ಕಳಿಸುವ ಹೊತ್ತಿಗೆ ಎರಡು ಟೇಪಿನ ಕೆಲಸವೇ ಆಗಿಹೋಗುತ್ತದೆಂದರೆ ಕ್ಲೌಡಿನ ವೇಗದಿಂದ ನನಗೇನು ಲಾಭ? ಟೇಪಿನಿಂದ ಫೈರ್‌ವೈರ್ ಮೂಲಕ ಇಳಿಸಿಕೊಳ್ಳಲು ಟೇಪು ಓಡುವಷ್ಟೇ ಹೊತ್ತು, ಅಂದರೆ 120 ಗಂಟೆ, ಹೇಗೂ ಈ ಡಬ್ಬಾ ಬೇಕೇ ಬೇಕು.

ವಿದ್ಯುತ್ತಿನ ಲೆಕ್ಕ ನೋಡಿ ನಗು ಬಂತು. ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ ಪರಿವರ್ತನೆಯ ವೇಳೆ 95 ವ್ಯಾಟ್ ತೋರಿಸಿತು. ಒಟ್ಟು 40 ಗಂಟೆಗೆ 3.8 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಎಂದರೂ 23 ರೂಪಾಯಿ. ಹಾಗೆಂದು ಗಂಟೆಗೊಮ್ಮೆ ಬರುವ ಟೇಪಿಗಾಗಿ ಯಂತ್ರವನ್ನು ತಿಂಗಳಿಡೀ ಆನ್ ಇಟ್ಟರೆ ಮಾತ್ರ ಕಥೆಯೇ ಬೇರೆ. ಸುಮ್ಮನಿದ್ದರೂ ಅದು 45 ವ್ಯಾಟ್ ಎಳೆಯುತ್ತದೆ, ತಿಂಗಳಿಗೆ 32 ಯೂನಿಟ್. ಗೃಹಜ್ಯೋತಿಯಲ್ಲಿ ನಮಗೆ ಉಚಿತವಾಗಿ ಸಿಗುವುದು 132 ಯೂನಿಟ್, ಮನೆಯ ಬಳಕೆ 115ರ ಆಸುಪಾಸು. ಮೊದಲ ತಿಂಗಳೇ ಮಿತಿ ದಾಟಿ ಚೆಸ್ಕಾಂ ಬಿಲ್ಲು ಬಂದಾಗ ಮನೆಯವಳು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. 200 ಯೂನಿಟ್ ಮೀರಿದರಂತೂ ಇಡೀ ಬಿಲ್ಲೇ ಕಟ್ಟಬೇಕು. ಈಗ ಹತ್ತು ಟೇಪು ಕೂಡಿದ ಮೇಲೆ ಒಂದು ರಾತ್ರಿ ಓಡಿಸಿ, ಆಮೇಲೆ ಆಫ್ ಮಾಡುತ್ತೇನೆ.

ನಾನು ಎಡವಿದ್ದು ಬೇರೆಯೇ ವಿಷಯದಲ್ಲಿ. ಡಿವಿಯಲ್ಲಿ ಪ್ರತಿ ಫ್ರೇಮು ಎರಡು ಅರ್ಧಗಳಾಗಿ ಇರುತ್ತದೆ, ಅದರಲ್ಲಿ ಕೆಳಗಿನ ಸಾಲುಗಳ ಅರ್ಧ ಮೊದಲು ಬರಬೇಕು. ಬೇರಾವುದೋ ಕೆಲಸದಿಂದ ನಕಲು ಮಾಡಿದ ಆಜ್ಞೆಯಲ್ಲಿ ಮೇಲಿನದು ಮೊದಲು ಎಂದಿತ್ತು. ಹನ್ನೊಂದು ಟೇಪು ಮುಗಿದ ಮೇಲೆ ಪಿಟೀಲಿನ ಕಮಾನು ನಡುಗುವಂತೆ ಕಂಡಿತು. ಒಂದೊಂದೇ ಫ್ರೇಮು ಸರಿಸಿ ನೋಡಿದರೆ ಕಮಾನು ಮುಂದೆ ಹೋಗಿ, ಒಂದು ಹೆಜ್ಜೆ ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಿತ್ತು. ತಪ್ಪಿನ ಗುರುತೇ ಅದು. ಸರಿಯಾದ ಆಜ್ಞೆ ಹೀಗಿದೆ, ಇದರಲ್ಲಿ bff ಎಂದರೆ ಕೆಳಗಿನದು ಮೊದಲು:

```
ffmpeg -i 017.dv -vf bwdif=mode=send_field:parity=bff -c:v libx264 -preset medium -crf 18 -c:a aac -b:a 192k 017.mp4
```

ಮನೆಯಲ್ಲಿ ಆ ಹನ್ನೊಂದನ್ನೂ ನಾಲ್ಕು ಗಂಟೆಯೊಳಗೆ ಮತ್ತೆ ಮಾಡಿದೆ. ಕ್ಲೌಡಿನಲ್ಲಾಗಿದ್ದರೆ ಮರುಪರಿವರ್ತನೆಯ ಖರ್ಚು ಐದು ಡಾಲರ್ ದಾಟುತ್ತಿರಲಿಲ್ಲ, ನಿಜ. ಆದರೆ ಮೂಲ ಕಡತಗಳನ್ನು ಅಷ್ಟರಲ್ಲಿ ಅಲ್ಲಿಂದ ಅಳಿಸಿದ್ದರೆ ಎಂಟು ಗಂಟೆ ಮತ್ತೆ ಏರಿಸಬೇಕು. ಅಳಿಸದೆ ಒಂದೂವರೆ ಟಿಬಿಯನ್ನೂ ಇಟ್ಟುಕೊಂಡರೆ ಅಮೆಜಾನಿನ ಸಂಗ್ರಹ ಸೇವೆಯಾದ ಎಸ್3ರ ಬಾಡಿಗೆ ತಿಂಗಳಿಗೆ ಸುಮಾರು 36 ಡಾಲರ್. ಈ ಸಾಲು ದರಪಟ್ಟಿಯ ಬೇರೆ ಪುಟದಲ್ಲಿರುವುದರಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ಮಂಡ್ಯದ ಗೆಳೆಯನಿಗೆ ನಾನು ಇದನ್ನೇ ಹೇಳಲಿಲ್ಲ. ಅವನದು ಮದುವೆ ಸ್ಟುಡಿಯೊ. ಗಂಟೆಗೆ 45 ಜಿಬಿಯ 4ಕೆ ವಿಡಿಯೊವನ್ನು ಇನ್ನಷ್ಟು ಕುಗ್ಗಿಸುವ ಎಚ್‌ಇವಿಸಿ ರೂಪಕ್ಕೆ ಮಾಡಲು ಕೊಟ್ಟಾಗ ನನ್ನ ಡಬ್ಬಾ ಸೆಕೆಂಡಿಗೆ ಮೂರೇ ಫ್ರೇಮು ಎಳೆಯಿತು. ಒಂದು ಗಂಟೆಯ ಚಿತ್ರಕ್ಕೆ ಎಂಟು ಗಂಟೆ ದಾಟುತ್ತದೆ. ಏರಿಸಲು ಬೇಕಾದದ್ದು ಎರಡೂವರೆ ಗಂಟೆ. ಬೀಗರಿಗೆ ನಾಳೆ ಬೆಳಿಗ್ಗೆಯೇ ಕೊಡಬೇಕಾದವನು ದುಡ್ಡು ಕೊಟ್ಟು ಕ್ಲೌಡಿಗೆ ಹಾಕಲಿ ಎಂದೆ, ಅವನೂ ಹಾಗೇ ಮಾಡಿದ. ನನ್ನ ಕಡೆ ಇನ್ನೂ 34 ಟೇಪು ಉಳಿದಿವೆ.