ತುಂಬದೆ ಬಂದ ನಮೂನೆಗೆ ಮೊದಲ ಉತ್ತರ ಹೇಗಿರಬೇಕು

ಕನ್ನಡದ ಕೀಲಿಮಣೆ, ಫಾಂಟ್‌ಗಳಂಥ ಮುಕ್ತ ತಂತ್ರಾಂಶಗಳನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ ನಮ್ಮಂಥವರಿಗೆ ಗಿಟ್‌ಹಬ್‌ನಲ್ಲಿ ಬರುವ ಕೆಲವು ದೋಷ ವರದಿಗಳಲ್ಲಿ ವರದಿಯೇ ಇರುವುದಿಲ್ಲ. ಶೀರ್ಷಿಕೆಯಲ್ಲಿ ಎರಡು ಮೂರು ಪದಗಳಿರುತ್ತವೆ, ಕೆಳಗೆ ನಾವೇ ಇಟ್ಟ ನಮೂನೆ ಇಟ್ಟ ಹಾಗೆಯೇ ವಾಪಸು ಬಂದಿರುತ್ತದೆ. ಅಂಥದ್ದಕ್ಕೆ "ನಮೂನೆ ತುಂಬಿಲ್ಲ" ಎಂಬ ಒಂದು ಸಾಲು ಹಾಕಿ ಮುಚ್ಚಿಬಿಡುವ ರೂಢಿ ಹಲವು ಕಡೆ ಇದೆ. ಆ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಿಟ್‌ಹಬ್‌ಗೆ ಈ ನಮೂನೆಗಳ ಸೌಲಭ್ಯ ಬಂದದ್ದು 2016ರಲ್ಲಿ. ವರದಿಗಳಲ್ಲಿ ಬೇಕಾದ ಮಾಹಿತಿಯೇ ಇರುವುದಿಲ್ಲ ಎಂದು ಹಲವು ಯೋಜನೆಗಳ ನಿರ್ವಾಹಕರು ಬಹಿರಂಗವಾಗಿ ಪತ್ರ ಬರೆದು ಕೇಳಿಕೊಂಡ ಮೇಲೆ ಅದು ಬಂತು. ಇಂದು ಅನೇಕ ಯೋಜನೆಗಳು ಗಿಟ್‌ಹಬ್ ಕೊಡುವ ಸಿದ್ಧ ನಮೂನೆಯನ್ನೇ ಬದಲಿಸದೆ ಇಟ್ಟುಕೊಂಡಿರುತ್ತವೆ. ಅದರ ಕೆಲವು ಸಾಲುಗಳು ಹೀಗಿವೆ:

```
1. Go to '...'
2. Click on '....'
3. Scroll down to '....'
4. See error

 - Device: [e.g. iPhone6]
 - OS: [e.g. iOS8.1]
 - Version [e.g. 22]
```

ಈ ಸಾಲುಗಳು ಹಾಗೆಯೇ ಬಂದಿದ್ದರೆ ಗುರುತಿಸುವುದು ಸುಲಭ. ಚೌಕ ಕಂಸವನ್ನು ಅಳಿಸಿ ಉದಾಹರಣೆಯನ್ನು ಮಾತ್ರ ಉಳಿಸಿದಾಗ ಮೋಸ ಹೋಗುವ ಸಂಭವವಿದೆ. ಆಗ ವರದಿ ತುಂಬಿದಂತೆಯೇ ಕಾಣುತ್ತದೆ, ನಿರ್ವಾಹಕರು ಐಫೋನ್ 6ರಲ್ಲಿ ದೋಷವನ್ನು ಹುಡುಕಲು ಹೊರಡುತ್ತಾರೆ. ಆ ಫೋನು, ಆ ಐಓಎಸ್ ಆವೃತ್ತಿ ಎರಡೂ 2014ರವು. ಸಾಧನ, ಐಓಎಸ್ ಆವೃತ್ತಿ, ಬ್ರೌಸರಿನ 22 ಎಂಬ ಸಂಖ್ಯೆ ಮೂರೂ ನಮೂನೆಯಲ್ಲಿದ್ದಂತೆಯೇ ಇದ್ದರೆ ಅದನ್ನು ಉತ್ತರವೆಂದು ನಂಬಬಾರದು. ಐಫೋನ್ 6 ಒಂದೇ ಹಾಗಿದ್ದು ಉಳಿದೆರಡು ಬೇರೆಯಾಗಿದ್ದರೆ ನಂಬಬೇಕು, ಏಕೆಂದರೆ ಹಳೆಯ ಫೋನ್ ಬಳಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂದರ್ಭವಿದೆ, ಅದು ಬಹಳ ಜನರ ಗಮನಕ್ಕೆ ಬಂದಿಲ್ಲ. ಅನೇಕ ನಮೂನೆಗಳಲ್ಲಿ ಸೂಚನೆಗಳನ್ನು `<!--` ಮತ್ತು `-->` ಗುರುತುಗಳ ನಡುವೆ ಬರೆದಿರುತ್ತಾರೆ. ಆ ಗುರುತುಗಳ ಒಳಗಿನ ಬರಹ ವರದಿ ಪ್ರಕಟವಾದ ಮೇಲೆ ಕಾಣಿಸುವುದಿಲ್ಲ. ಇದು ಗೊತ್ತಿಲ್ಲದವರು, "ಇಲ್ಲಿ ವಿವರಿಸಿ" ಎಂಬ ಸೂಚನೆಯ ಮುಂದೆಯೇ ಎಂದರೆ ಗುರುತುಗಳ ಒಳಗೇ ತಮ್ಮ ತೊಂದರೆಯನ್ನೆಲ್ಲ ಬರೆದುಬಿಡುತ್ತಾರೆ. ನಮಗೆ ಕಾಣುವುದು ಬರೀ ತಲೆಬರಹಗಳ ಖಾಲಿ ನಮೂನೆ. ಅವರು ಅರ್ಧ ಗಂಟೆ ಕೂತು ಬರೆದಿರಬಹುದು, ನಾವು "ಏನೂ ಬರೆದಿಲ್ಲ" ಎಂದು ಉತ್ತರಿಸಿರುತ್ತೇವೆ. ಆದ್ದರಿಂದ ಖಾಲಿ ವರದಿ ಕಂಡೊಡನೆ ಮೊದಲು ಮಾಡಬೇಕಾದ ಕೆಲಸವೆಂದರೆ, ಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ `Edit` ಆರಿಸಿ ಮೂಲ ಪಠ್ಯವನ್ನು ನೋಡುವುದು. ಯೋಜನೆಯಲ್ಲಿ ತಿದ್ದುವ ಅನುಮತಿ ಇರುವವರಿಗೆ ಅದು ಸಾಧ್ಯ. ಗುರುತುಗಳ ಒಳಗೆ ಬರಹ ಸಿಕ್ಕಿದರೆ ಅದನ್ನು ಹೊರಗೆ ತಂದು ಉಳಿಸಿ, "ನೀವು ಬರೆದದ್ದು ಮರೆಯಾಗಿತ್ತು, ಕಾಣುವಂತೆ ಮಾಡಿದ್ದೇನೆ" ಎಂದು ತಿಳಿಸಿದರೆ ಸಾಕು, ಕೇಳುವ ಪ್ರಸಂಗವೇ ಬರುವುದಿಲ್ಲ.

ಮೂಲ ಪಠ್ಯವೂ ಖಾಲಿಯಾಗಿದ್ದರೆ ಕೇಳಲೇಬೇಕು. ಕೇಳುವ ಮೊದಲು ಶೀರ್ಷಿಕೆಯನ್ನು ಗಮನವಿಟ್ಟು ಓದಬೇಕು, ಏಕೆಂದರೆ ಬರೆದವರು ತಮ್ಮ ಕೈಯಾರೆ ಬರೆದದ್ದು ಅದೊಂದೇ. ನಾವು ನೋಡಿಕೊಳ್ಳುವ ಒಂದು ಕೀಲಿಮಣೆ ಯೋಜನೆಗೆ "ಒತ್ತಕ್ಷರ ಸರಿ ಬರುತ್ತಿಲ್ಲ" ಎಂಬ ಶೀರ್ಷಿಕೆಯ ವರದಿಯೊಂದು ಬಂದಿತ್ತು. ಕೆಳಗಿದ್ದದ್ದು ಮೇಲೆ ತೋರಿಸಿದ ಇಂಗ್ಲಿಷ್ ನಮೂನೆ, ಒಂದಕ್ಷರವೂ ಬದಲಾಗಿರಲಿಲ್ಲ. ನಮ್ಮ ಸಂಗಾತಿಯೊಬ್ಬರು ಹೀಗೆ ಉತ್ತರಿಸಿದರು: "ನಮಸ್ಕಾರ. ತೊಂದರೆಯನ್ನು ನಮ್ಮ ಗಮನಕ್ಕೆ ತಂದದ್ದಕ್ಕೆ ಧನ್ಯವಾದಗಳು. ಒತ್ತಕ್ಷರದ ತೊಂದರೆ ಎಂದು ಶೀರ್ಷಿಕೆಯಿಂದ ತಿಳಿಯಿತು. ಕೆಳಗಿನ ಭಾಗ ನಮಗೆ ನಮೂನೆಯಾಗಿಯೇ ಬಂದಿದೆ, ನೀವು ಬರೆದದ್ದು ಕಳುಹಿಸುವಾಗ ಬಿಟ್ಟುಹೋಗಿರಲೂಬಹುದು. ಯಾವ ಪದದಲ್ಲಿ ಹೀಗಾಗುತ್ತಿದೆ ಎಂದು, ಆ ಪದವನ್ನು ನಕಲು ಮಾಡಿ ಇಲ್ಲಿ ಅಂಟಿಸುತ್ತೀರಾ? ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಎಂದೂ ತಿಳಿಸಿ. ನಮೂನೆಯ ಉಳಿದ ಭಾಗ ಬೇಡ, ಕನ್ನಡದಲ್ಲಿಯೇ ಬರೆಯಿರಿ."

ಈ ಉತ್ತರದಲ್ಲಿ ಆಪಾದನೆಯಿಲ್ಲ, ಆದರೆ ಏನು ಬಂದಿದೆ, ಏನು ಬಂದಿಲ್ಲ ಎಂಬುದು ಸ್ಪಷ್ಟವಾಗಿದೆ. ಕೇಳಿದ್ದು ಎರಡೇ ಪ್ರಶ್ನೆ, ಎರಡಕ್ಕೂ ತಂತ್ರಜ್ಞಾನ ತಿಳಿಯದವರು ಉತ್ತರ ಕೊಡಬಲ್ಲರು. ಸ್ಕ್ರೀನ್‌ಶಾಟ್ ಒಂದನ್ನೇ ಕೇಳದೆ ಪದವನ್ನೇ ಅಂಟಿಸಲು ಹೇಳಿದ್ದಕ್ಕೂ ಕಾರಣವಿದೆ. ಚಿತ್ರದಲ್ಲಿ ಅಕ್ಷರದ ಆಕಾರ ಕಾಣುತ್ತದೆಯೇ ಹೊರತು ಅದರ ಹಿಂದಿನ ಯುನಿಕೋಡ್ ಸಂಕೇತಗಳು ಕಾಣುವುದಿಲ್ಲ.

ಮರುದಿನ ಒಬ್ಬ ಶಾಲಾ ಶಿಕ್ಷಕಿಯಿಂದ ಉತ್ತರ ಬಂತು. ಫೋನಿನಲ್ಲಿ ಫಲಿತಾಂಶದ ಪಟ್ಟಿ ಸಿದ್ಧಪಡಿಸುವಾಗ, ರಕಾರಕ್ಕೆ ಯಕಾರದ ಒತ್ತು ಬಂದು ರ‍್ಯಾಂಕ್ ಎಂದಾಗಬೇಕಾದ ಕಡೆ, ಯಕಾರದ ಮುಂದೆ ಅರ್ಕಾವತ್ತು ಬಂದು ರ್ಯಾಂಕ್ ಎಂದಾಗುತ್ತಿದೆ ಎಂದು ಅವರು ಪದವನ್ನು ಅಂಟಿಸಿದ್ದರು. ಆ ಪದವನ್ನು ಬಿಡಿಸಿ ನೋಡಿದಾಗ ಮೊದಲ ಮೂರು ಸಂಕೇತಗಳು U+0CB0, U+0CCD, U+0CAF ಎಂದಿದ್ದವು. ಈ ಅನುಕ್ರಮಕ್ಕೆ ಅರ್ಕಾವತ್ತು ಬರುವುದೇ ಸರಿಯಾದ ಫಲ. ಅವರಿಗೆ ಬೇಕಾದ ರೂಪಕ್ಕೆ ರಕಾರದ ಬೆನ್ನಿಗೇ, ಹಲಂತ ಚಿಹ್ನೆಯಾದ U+0CCDಗೆ ಮೊದಲು, U+200D ಎಂಬ ಕಾಣದ ಜೋಡಕ ಇರಬೇಕು. ಅಂದರೆ ಫಾಂಟ್‌ನಲ್ಲಿ ದೋಷವಿರಲಿಲ್ಲ, ಆ ಜೋಡಕವನ್ನು ಮೂಡಿಸುವ ಕೀಲಿಯೇ ನಮ್ಮ ಫೋನ್ ವಿನ್ಯಾಸದಲ್ಲಿ ಇರಲಿಲ್ಲ. ಆ ಕೊರತೆ ನಮಗೆ ತಿಳಿದದ್ದು ಖಾಲಿ ನಮೂನೆ ಕಳುಹಿಸಿದವರಿಂದ. ನಮೂನೆ ತುಂಬಿ ಎಂದಷ್ಟೇ ಹೇಳಿ ಮುಚ್ಚಿದ್ದರೆ, ಬ್ರೌಸರಿನ ಆವೃತ್ತಿ ಕೇಳುವ ಆ ಇಂಗ್ಲಿಷ್ ಪಟ್ಟಿಯನ್ನು ನೋಡಿ ಅವರು ಕೈಬಿಡುತ್ತಿದ್ದರು. ಕೀಲಿಮಣೆಯ ತೊಂದರೆಗೆ ಬ್ರೌಸರಿನ ಆವೃತ್ತಿಯಿಂದ ಏನೂ ತಿಳಿಯುವುದಿಲ್ಲ ಎಂಬುದು ಬೇರೆ ಮಾತು.

ಹೀಗೆ ಮತ್ತೆ ಮತ್ತೆ ಖಾಲಿ ನಮೂನೆಗಳು ಬರುತ್ತಿದ್ದರೆ ತಿದ್ದಬೇಕಾದದ್ದು ನಮೂನೆಯನ್ನು. ಗಿಟ್‌ಹಬ್‌ನಲ್ಲಿ ಈಗ ಪ್ರಶ್ನೆಗೊಂದು ಪೆಟ್ಟಿಗೆಯಿರುವ ಫಾರಂ ಮಾಡಬಹುದು:

```yaml
- type: textarea
  id: word
  attributes:
    label: ತಪ್ಪಾಗಿ ಬರುವ ಪದ
    placeholder: ಪದವನ್ನು ಇಲ್ಲಿ ಅಂಟಿಸಿ
  validations:
    required: true
```

ಇಲ್ಲಿ `placeholder` ಎಂದು ಕೊಟ್ಟ ಮಸುಕು ಬರಹ ವರದಿಯೊಳಗೆ ಸೇರುವುದಿಲ್ಲ. ಅದೇ ಜಾಗದಲ್ಲಿ `value` ಎಂದು ಕೊಟ್ಟರೆ ಮೊದಲೇ ತುಂಬಿದ ಉತ್ತರವಾಗಿ ನಮಗೇ ವಾಪಸು ಬರುತ್ತದೆ, ಹಳೆಯ ತೊಂದರೆ ಹಾಗೆಯೇ ಉಳಿಯುತ್ತದೆ. ಕಡ್ಡಾಯವಲ್ಲದ ಪೆಟ್ಟಿಗೆಯನ್ನು ಖಾಲಿ ಬಿಟ್ಟರೆ ವರದಿಯಲ್ಲಿ `No response` ಎಂದು ಬರುವುದರಿಂದ, ಉತ್ತರಿಸದೆ ಬಿಟ್ಟದ್ದು ಯಾವುದೆಂದು ಊಹಿಸಬೇಕಾಗಿಲ್ಲ. ಎಲ್ಲವನ್ನೂ ಕಡ್ಡಾಯ ಮಾಡಬಾರದು, ಮಾಡಿದರೆ ಜನ ಚುಕ್ಕಿಯೊಂದನ್ನು ಹಾಕಿ ಮುಂದೆ ಹೋಗುತ್ತಾರೆ. ನಮ್ಮ ಫಾರಂನಲ್ಲಿ ಪದ ಮತ್ತು ಸಾಧನ ಎರಡೇ ಕಡ್ಡಾಯ, ಸೂಚನೆಗಳೆಲ್ಲ ಕನ್ನಡದಲ್ಲಿವೆ.

ಎಲ್ಲ ಖಾಲಿ ವರದಿಗಳ ಹಿಂದೆಯೂ ತೊಂದರೆ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಶೀರ್ಷಿಕೆಯಲ್ಲಿ `test` ಎಂದಿದ್ದು ಮಿಕ್ಕಿದ್ದೆಲ್ಲ ನಮೂನೆಯಾಗಿದ್ದರೆ ಅದು ಗಿಟ್‌ಹಬ್ ಕಲಿಯುತ್ತಿರುವ ವಿದ್ಯಾರ್ಥಿಯದ್ದಿರಬಹುದು. ಸಂಬಂಧವಿಲ್ಲದ ಕೊಂಡಿಯೊಂದು ಅಂಟಿಕೊಂಡಿದ್ದರೆ ಅದು ಜಾಹೀರಾತು, ಅದಕ್ಕೆ ಉತ್ತರಿಸದೆ ತೆಗೆದುಹಾಕಬೇಕು. ಸೌಜನ್ಯದಿಂದ ಕೇಳಿದ ಮೇಲೂ ಉತ್ತರ ಬಾರದಿದ್ದರೆ ಕೆಲವು ವಾರ ಕಾದು ಮುಚ್ಚುವುದು ನ್ಯಾಯವೇ. ಮುಚ್ಚುವಾಗ, "ಪದವೊಂದು ಸಿಗದೆ ಮುಂದೆ ನೋಡಲು ಆಗುತ್ತಿಲ್ಲ, ಆದ್ದರಿಂದ ಸದ್ಯಕ್ಕೆ ಮುಚ್ಚುತ್ತಿದ್ದೇವೆ. ನೀವು ಇಲ್ಲಿಯೇ ಬರೆದರೆ ಮತ್ತೆ ತೆರೆಯುತ್ತೇವೆ" ಎಂದು ಕಾರಣ ಸಹಿತ ಬರೆಯುತ್ತೇವೆ. ಮುಚ್ಚಿದ ವರದಿಯ ಕೆಳಗೂ ಉತ್ತರ ಬರೆಯಬಹುದು ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲವಾದ್ದರಿಂದ ಆ ಕೊನೆಯ ವಾಕ್ಯವನ್ನು ಬಿಡಬಾರದು.