ಬಡ್ಡಿ ಏರಿದರೆ ಬಾಂಡಿನ ಬೆಲೆ ಏಕೆ ಇಳಿಯುತ್ತದೆ: ಬಿ.ಎಂ. ರಸ್ತೆಯ ಅಂಗಡಿಯೊಂದರ ಲೆಕ್ಕ

2022ರ ಜೂನ್ ತಿಂಗಳ ಒಂದು ಭಾನುವಾರ, ಹಾಸನದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ನಿವೃತ್ತ ಗಣಿತ ಮೇಷ್ಟ್ರು ಕೈಯಲ್ಲೊಂದು ಕಾಗದ ಹಿಡಿದುಕೊಂಡು ಬಂದರು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಅವರು ಗಿಲ್ಟ್ ಫಂಡಿನಲ್ಲಿ, ಅಂದರೆ ಬಹುಪಾಲು ಸರ್ಕಾರಿ ಬಾಂಡುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡಿನಲ್ಲಿ ತೊಡಗಿಸಿದ್ದರು. ಮಾರಿದ ಏಜೆಂಟ್ "ಸರ್ಕಾರದ ಪತ್ರ, ಮುಳುಗುವ ಮಾತೇ ಇಲ್ಲ" ಎಂದಿದ್ದರಂತೆ. ಆದರೆ ಕಾಗದದಲ್ಲಿ ಹಾಕಿದ ಅಸಲಿಗಿಂತ ಕಡಿಮೆ ಮೊತ್ತ ಕಾಣುತ್ತಿತ್ತು. "ಬಡ್ಡಿ ಏರಿತು ಅಂತ ಪೇಪರಿನಲ್ಲಿ ಓದಿ ಖುಷಿಪಟ್ಟಿದ್ದೆ. ನನ್ನ ದುಡ್ಡು ಯಾಕೆ ಇಳಿಯಿತು, ಹೇಳಿ ಸ್ವಾಮಿ?" ಎಂದು ಕೇಳಿದರು. ಮೊನ್ನೆ ಇನ್ನೊಬ್ಬರು ಇದೇ ಪ್ರಶ್ನೆಯನ್ನು ಕೇಳಿದ್ದರಿಂದ, ಅಂದು ಮೇಷ್ಟ್ರಿಗೆ ಹೇಳಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆಯುತ್ತಿದ್ದೇನೆ.

ಏಜೆಂಟ್ ಹೇಳಿದ್ದು ಸುಳ್ಳೇನಲ್ಲ, ಅರ್ಧ ಸತ್ಯ. ಸರ್ಕಾರ ಬಡ್ಡಿಯನ್ನೂ ಅಸಲನ್ನೂ ಹೇಳಿದ ದಿನಕ್ಕೆ ಕೊಡುತ್ತದೆ. ಆದರೆ ಆ ದಿನ ಬರುವುದಕ್ಕೆ ಮೊದಲು ಪತ್ರವನ್ನು ಮಾರಲು ಹೊರಟರೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಸರ್ಕಾರ ಹೊಣೆಯಲ್ಲ. ಅದನ್ನು ಹೇಳುವವನು ಕೊಳ್ಳುವವನು.

ಇದಕ್ಕೆ ಬಿ.ಎಂ. ರಸ್ತೆಯಲ್ಲಿ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಮಾಲೀಕರು ಅದನ್ನು ತಿಂಗಳಿಗೆ 10,000 ರೂಪಾಯಿಯಂತೆ ಹತ್ತು ವರ್ಷಕ್ಕೆ ಬಾಡಿಗೆಗೆ ಕೊಟ್ಟು, ನಡುವೆ ಒಂದು ರೂಪಾಯಿಯನ್ನೂ ಏರಿಸುವುದಿಲ್ಲ ಎಂದು ಕರಾರು ನೋಂದಣಿ ಮಾಡಿಸಿದ್ದಾರೆ. ಸ್ವಲ್ಪ ದಿನಕ್ಕೇ ರಸ್ತೆಯ ಬಾಡಿಗೆಗಳು ಏರಿ, ಪಕ್ಕದಲ್ಲಿರುವ ಅಷ್ಟೇ ಅಗಲದ ಅಂಗಡಿಗೆ 13,000 ಬರತೊಡಗಿತು. ಈಗ ಮಾಲೀಕರಿಗೆ ಹಣದ ತುರ್ತು, ಅಂಗಡಿಯನ್ನು ಮಾರಬೇಕಾಗಿದೆ. ಕೊಂಡವನೂ ಹಳೆಯ ಕರಾರಿಗೆ ಬದ್ಧನಾಗಿರಬೇಕಾದ್ದರಿಂದ ಅವನು ಪಕ್ಕದ ಅಂಗಡಿಯ ಬೆಲೆಯನ್ನೇ ಇದಕ್ಕೂ ಕೊಡುವನೇ? ಖಂಡಿತ ಇಲ್ಲ. ತಿಂಗಳಿಗೆ 3,000 ರೂಪಾಯಿಯಂತೆ ಕರಾರು ಮುಗಿಯುವವರೆಗೆ ತನಗಾಗುವ ಖೋತಾವನ್ನು ಮೊದಲೇ ಮುರಿದುಕೊಂಡು ಬೆಲೆ ಹೇಳುತ್ತಾನೆ. ಕಟ್ಟಡದಲ್ಲಿ ಬಿರುಕಿಲ್ಲ, ಬಾಡಿಗೆದಾರ ತಪ್ಪದೆ ಬಾಡಿಗೆ ಕಟ್ಟುತ್ತಿದ್ದಾನೆ, ಆದರೂ ಬೆಲೆ ಇಳಿಯಿತು. ಕರಾರು ಮುಗಿಯಲು ಒಂದೇ ವರ್ಷ ಉಳಿದಿದ್ದರೆ ಚೌಕಾಸಿ ಇಷ್ಟು ಬಿಗಿಯಾಗುತ್ತಿರಲಿಲ್ಲ ಎಂಬುದನ್ನೂ ಗಮನಿಸಿ, ಅದು ಮುಂದೆ ಬೇಕಾಗುತ್ತದೆ.

ಬಾಂಡ್ ಎಂದರೆ ಇಂಥ ಕರಾರೇ. ಹತ್ತು ವರ್ಷದ, ಶೇ 6 ಬಡ್ಡಿಯ, ಒಂದು ಲಕ್ಷ ರೂಪಾಯಿ ಮುಖಬೆಲೆಯ ಬಾಂಡ್ ನಿಮ್ಮ ಬಳಿ ಇದೆ ಎಂದುಕೊಳ್ಳಿ. ನಮ್ಮ ಸರ್ಕಾರಿ ಬಾಂಡುಗಳಿಗೆ ಬಡ್ಡಿ ಬರುವುದು ಆರು ತಿಂಗಳಿಗೊಮ್ಮೆ, ಆದರೆ ಲೆಕ್ಕ ಸರಳವಾಗಲೆಂದು ವರ್ಷಕ್ಕೊಮ್ಮೆ 6,000 ಬರುತ್ತದೆ ಎಂದಿಟ್ಟುಕೊಳ್ಳೋಣ. ನೀವು ಕೊಂಡ ಕೂಡಲೇ ಮಾರುಕಟ್ಟೆಯ ದರ ಶೇ 8ಕ್ಕೆ ಏರಿತು. ಅದೇ ಒಂದು ಲಕ್ಷಕ್ಕೆ ಹೊಸ ಬಾಂಡ್ 8,000 ಕೊಡುತ್ತಿರುವಾಗ, ನಿಮ್ಮ ಹಳೆಯ ಬಾಂಡನ್ನು ಪೂರ್ತಿ ಲಕ್ಷ ಕೊಟ್ಟು ಕೊಳ್ಳುವವರು ಯಾರೂ ಇಲ್ಲ. ಬಡ್ಡಿಯ ಮೊತ್ತವನ್ನು ತಿದ್ದುವಂತಿಲ್ಲ, ಕೊನೆಯಲ್ಲಿ ಬರುವ ಲಕ್ಷವನ್ನೂ ತಿದ್ದುವಂತಿಲ್ಲ. ತಿದ್ದಲು ಉಳಿದಿರುವುದು ಬೆಲೆಯೊಂದೇ.

ಎಷ್ಟು ಇಳಿಯಬೇಕು? ವರ್ಷಕ್ಕೆ 2,000 ಖೋತಾ, ಹತ್ತು ವರ್ಷಕ್ಕೆ 20,000, ಆದ್ದರಿಂದ ಬೆಲೆ 80,000 ಎಂದು ಮೇಷ್ಟ್ರು ಕೂಡಲೇ ಹೇಳಿದರು. ಅಷ್ಟು ಇಳಿಯುವುದಿಲ್ಲ. ಹತ್ತನೆಯ ವರ್ಷ ಕಡಿಮೆಯಾಗಿ ಬರುವ 2,000ವನ್ನು ತುಂಬಿಕೊಳ್ಳಲು ಇಂದೇ 2,000 ಬೇಕಾಗಿಲ್ಲ. ಶೇ 8ರ ದರದಲ್ಲಿ ಇಂದು ಸುಮಾರು 926 ರೂಪಾಯಿ ಇಟ್ಟರೆ ಅದು ಆ ಹೊತ್ತಿಗೆ 2,000 ಆಗಿರುತ್ತದೆ. ಮುಂದಿನ ವರ್ಷದ ಖೋತಾಕ್ಕೆ 1,852 ಬೇಕು. ಹೀಗೆ ಹತ್ತೂ ವರ್ಷದ ಖೋತಾವನ್ನು ಇಂದಿನ ಹಣಕ್ಕೆ ಇಳಿಸಿ ಕೂಡಿದರೆ 13,420 ಬರುತ್ತದೆ, ಬಾಂಡಿನ ನ್ಯಾಯವಾದ ಬೆಲೆ 86,580 ಆಗುತ್ತದೆ. ಅದೇ ಬಾಂಡಿಗೆ ಒಂದೇ ವರ್ಷ ಬಾಕಿ ಇದ್ದಿದ್ದರೆ ಕಳೆಯಬೇಕಾದದ್ದು ಆ 1,852 ಮಾತ್ರ. ಮೂವತ್ತು ವರ್ಷ ಬಾಕಿ ಇದ್ದಿದ್ದರೆ ಬೆಲೆ ಸುಮಾರು 77,480ಕ್ಕೆ ಕುಸಿಯುತ್ತಿತ್ತು. ಬಡ್ಡಿಯ ಏರಿಕೆ ಮೂರಕ್ಕೂ ಒಂದೇ. ಪೆಟ್ಟಿನ ತೂಕವನ್ನು ನಿರ್ಧರಿಸಿದ್ದು ಉಳಿದಿರುವ ಅವಧಿ. ಗಿಲ್ಟ್ ಫಂಡ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದರಲ್ಲಿರುವ ಬಾಂಡುಗಳ ಸರಾಸರಿ ಅವಧಿ ಎಷ್ಟು ಎಂದು. ಮೇಷ್ಟ್ರ ಏಜೆಂಟ್ ಅದನ್ನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಆ ವರ್ಷ ನಡೆದದ್ದು ಇದೇ. 2022ರ ಮೇ 4ರಂದು ರಿಸರ್ವ್ ಬ್ಯಾಂಕ್, ನಿಗದಿಯಾಗಿರದ ಸಭೆಯೊಂದನ್ನು ನಡೆಸಿ, ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 4ರಿಂದ 4.40ಕ್ಕೆ ಏರಿಸಿತು, ಜೂನ್ 8ರಂದು ಅದು 4.90 ಆಯಿತು. ಫಂಡುಗಳು ತಮ್ಮ ಬಳಿಯ ಬಾಂಡುಗಳಿಗೆ ಕೊಂಡ ಬೆಲೆಯನ್ನಲ್ಲ, ಆ ದಿನ ಮಾರುಕಟ್ಟೆಯಲ್ಲಿ ಸಿಗುವ ಬೆಲೆಯನ್ನು ಕಟ್ಟಿ, ಫಂಡಿನ ಒಂದು ಯೂನಿಟ್ಟಿನ ಮೌಲ್ಯವಾದ ಎನ್‌ಎವಿ ಪ್ರಕಟಿಸಬೇಕಾದ್ದರಿಂದ ಇಳಿಕೆ ತಕ್ಷಣ ಕಣ್ಣಿಗೆ ಬಿತ್ತು. ಇಲ್ಲೊಂದು ಎಚ್ಚರಿಕೆ ಬೇಕು. ಬಾಂಡಿನ ಬೆಲೆಯನ್ನು ತೂಗುವ ದರ ರೆಪೊ ಅಲ್ಲ, ಅಷ್ಟೇ ಅವಧಿಯ ಬಾಂಡುಗಳಿಗೆ ಮಾರುಕಟ್ಟೆ ಬಯಸುವ ಇಳುವರಿ, ಮತ್ತು ಅದು ಮುಂದೆ ಏನಾಗಬಹುದೆಂಬ ನಿರೀಕ್ಷೆಯನ್ನು ಮೊದಲೇ ನುಂಗಿಕೊಂಡಿರುತ್ತದೆ. 2023ರ ಫೆಬ್ರುವರಿಯ ಹೊತ್ತಿಗೆ ರೆಪೊ 6.50ಕ್ಕೆ ಏರಿದ್ದರೂ ಹತ್ತು ವರ್ಷದ ಬಾಂಡಿನ ಇಳುವರಿ ಹಿಂದಿನ ಜೂನ್‌ನಲ್ಲಿ ಮುಟ್ಟಿದ್ದ ಎತ್ತರವನ್ನು ದಾಟಿರಲಿಲ್ಲ.

"ಹಾಗಾದರೆ ಬ್ಯಾಂಕಿನ ಠೇವಣಿಯೇ ವಾಸಿಯಿತ್ತು, ಅದು ಇಳಿಯುವುದಿಲ್ಲವಲ್ಲ" ಎಂದರು ಮೇಷ್ಟ್ರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಡಿಮೆ ಬಡ್ಡಿಗೆ ಐದು ವರ್ಷ ಕಟ್ಟಿಹಾಕಿದ ಠೇವಣಿದಾರನಿಗೂ ಬಡ್ಡಿ ಏರಿದಾಗ ಇದೇ ಬಗೆಯ ಖೋತಾ ಆಗುತ್ತದೆ, ಪಾಸ್‌ಬುಕ್ಕಿನಲ್ಲಿ ಅದನ್ನು ಮುದ್ರಿಸುವುದಿಲ್ಲ ಅಷ್ಟೇ. ಒಂದು ವ್ಯತ್ಯಾಸವಂತೂ ಇದೆ: ಠೇವಣಿಯನ್ನು ಅವಧಿಗೆ ಮೊದಲೇ ಮುರಿದರೆ ಸಾಮಾನ್ಯವಾಗಿ ಸ್ವಲ್ಪ ಬಡ್ಡಿ ಕಡಿತವಾಗಿ ಅಸಲು ಉಳಿಯುತ್ತದೆ, ಬಾಂಡಿಗೆ ಆ ಸೌಲಭ್ಯವಿಲ್ಲ.

ಕೊನೆಗೆ ಅವರು ಕೇಳಿದ್ದು ನಷ್ಟವಾದರೂ ಸರಿ, ಈಗಲೇ ಮಾರಿ ಹೆಚ್ಚು ಬಡ್ಡಿಯ ಕಡೆಗೆ ಹಾಕಿಬಿಡಲೇ ಎಂದು. ನಮ್ಮ ಉದಾಹರಣೆಯ ಬಾಂಡನ್ನೇ ಕಾಗದದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಮಾರಿದರೆ ಕೈಗೆ ಬರುವ 86,580 ಶೇ 8ರಂತೆ ಹತ್ತು ವರ್ಷ ಬೆಳೆಯುತ್ತದೆ. ಮಾರದಿದ್ದರೆ ವರ್ಷ ವರ್ಷ ಬರುವ 6,000ವನ್ನು ಅದೇ ಶೇ 8ಕ್ಕೆ ಹಾಕುತ್ತಾ ಹೋಗಿ, ಕೊನೆಯಲ್ಲಿ ಅದಕ್ಕೆ ಒಂದು ಲಕ್ಷ ಅಸಲನ್ನು ಸೇರಿಸಬೇಕು. ತೆರಿಗೆ ಮತ್ತು ಮಾರಾಟದ ಖರ್ಚನ್ನು ಬದಿಗಿಟ್ಟರೆ ಎರಡರ ಮೊತ್ತವೂ ಒಂದೇ ಆಗಬೇಕು ಎಂದೆ. ಮೇಷ್ಟ್ರು ನನ್ನ ಮಾತನ್ನು ನಂಬದೆ ಪೆನ್ಸಿಲ್ ತೆಗೆದುಕೊಂಡು, ಒಂದೊಂದೇ ವರ್ಷವನ್ನು ಗುಣಿಸುತ್ತಾ ಹೋದರು. ಕಾಫಿ ಆರಿ ತಣ್ಣಗಾಗುವ ಹೊತ್ತಿಗೆ ಎರಡೂ ಕಡೆ 1,86,919 ಬಂದಿತ್ತು, ಒಂದು ಕಡೆ ಮಾತ್ರ ಒಂದು ರೂಪಾಯಿ ಹೆಚ್ಚು. ಆ ಒಂದು ರೂಪಾಯಿ ಎಲ್ಲಿಂದ ಬಂತೆಂದು ಹುಡುಕಲು ಅವರು ಕಾಗದವನ್ನು ಮನೆಗೆ ತೆಗೆದುಕೊಂಡು ಹೋದರು.